ಹಲಗೆಯ ಮೇಲೆ 16 = 0 ಬಂದಾಗ

ಈ ಸಲದ ಅಭ್ಯಾಸ ಬೋಧನೆಯಲ್ಲಿ ನನಗೆ ಸಿಕ್ಕಿದ್ದು ಪ್ರಥಮ ಪಿಯುಸಿ ತರಗತಿ. ಪಾಠ, ಕೊಟ್ಟ ಮೂರು ಬಿಂದುಗಳ ಮೂಲಕ ಹಾದುಹೋಗುವ ವೃತ್ತದ ಸಮೀಕರಣವನ್ನು ಕಂಡುಹಿಡಿಯುವುದು. ಪಾಠ ಯೋಜನೆಯಲ್ಲಿ ಒಂದು ಉದಾಹರಣೆಯನ್ನು ಮೊದಲೇ ಬಿಡಿಸಿಟ್ಟುಕೊಂಡಿದ್ದೆ. ಬಿಂದುಗಳು (1, 2), (3, 4) ಮತ್ತು (5, 2). ಲೆಕ್ಕ ಯಾವ ತೊಡಕೂ ಇಲ್ಲದೆ ಮುಗಿಯಿತು. ಕೇಂದ್ರ (3, 2), ತ್ರಿಜ್ಯ 2. ಇನ್ನೂ ಹದಿನೈದು ನಿಮಿಷ ಉಳಿದಿತ್ತು. ಆ ಹುರುಪಿನಲ್ಲಿ, "ಈಗ ನೀವೇ ಮೂರು ಬಿಂದು ಹೇಳಿ, ಬಿಡಿಸೋಣ" ಅಂದುಬಿಟ್ಟೆ.

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಒಂದು ಎರಡು, ಮೂರು ನಾಲ್ಕು, ಐದು ಆರು, ಮಿಸ್" ಅಂದ. ಅವನಿಗೆ ಯಾವ ತಂತ್ರವೂ ಗೊತ್ತಿರಲಿಲ್ಲ. ಸುಮ್ಮನೆ ಒಂದರಿಂದ ಆರರವರೆಗೆ ಎಣಿಸಿದ್ದ, ಅಷ್ಟೇ. ನಾನೂ ಯೋಚಿಸದೆ ಬರೆದುಕೊಂಡೆ. ವೃತ್ತದ ಸಮೀಕರಣವನ್ನು x² + y² + Dx + Ey + F = 0 ಎಂದು ಇಟ್ಟುಕೊಂಡು, ಒಂದೊಂದು ಬಿಂದುವನ್ನೂ ಆದೇಶಿಸಿದಾಗ ಬಂದದ್ದು ಇದು:

5 + D + 2E + F = 0
25 + 3D + 4E + F = 0
61 + 5D + 6E + F = 0

ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 20 + 2D + 2E = 0. ಮೂರನೆಯದರಿಂದ ಎರಡನೆಯದನ್ನು ಕಳೆದರೆ 36 + 2D + 2E = 0. ಇವೆರಡನ್ನೂ ಕಳೆದಾಗ D ಹೋಯಿತು, E ಕೂಡ ಹೋಯಿತು. ಹಲಗೆಯ ಮೇಲೆ ಉಳಿದದ್ದು 16 = 0.

ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಎಲ್ಲೋ ಕಳೆಯುವುದರಲ್ಲಿ ತಪ್ಪಾಗಿದೆ ಎಂದುಕೊಂಡು ಅಷ್ಟನ್ನೂ ಒರೆಸಿ ಮತ್ತೆ ಬರೆದೆ. ಮತ್ತೆ 16 = 0. ಮುಂದಿನ ಸಾಲಿನ ಹುಡುಗಿ ಮೆಲ್ಲಗೆ, "ಎರಡೂ ಹೋದರೆ ಅನಂತ ಪರಿಹಾರ ಅಲ್ವಾ ಮಿಸ್?" ಎಂದು ಕೇಳಿದಳು. ಉತ್ತರ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ವೀಕ್ಷಣಾ ಹಾಳೆಯಲ್ಲಿ ನನಗೆ ಬಂದ ಷರಾ: "ತರಗತಿಯಲ್ಲಿ ಕೊಡುವ ಉದಾಹರಣೆಗಳನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು. ಬಿಂದುಗಳು ಸರಳರೇಖಾಗತವಾಗಿರಬಾರದು ಎಂಬ ಸೂಚನೆಯನ್ನು ಮೊದಲೇ ನೀಡುವುದು."

ಷರಾದ ಮೊದಲ ವಾಕ್ಯವನ್ನು ತಲೆಬಾಗಿ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ, ಈ ಲೇಖನ ಅದರ ಬಗ್ಗೆಯೇ. ನಾವು ಬರೆಯುವ ಪಾಠ ಯೋಜನೆಗಳಲ್ಲಿ ಈ ಸೂಚನೆ ಕಟ್ಟುಪಾಡಿನಂತೆ ಬರುತ್ತದೆ. ಕೆಲವರು ಅದನ್ನು ಮೊದಲ ಹಂತವನ್ನಾಗಿಯೇ ಮಾಡಿ, ಇಳಿಜಾರುಗಳನ್ನು ಕಂಡುಹಿಡಿದು ಬಿಂದುಗಳು ಒಂದೇ ರೇಖೆಯ ಮೇಲಿಲ್ಲ ಎಂದು ತೋರಿಸಿ ನಂತರ ಮುಂದುವರಿಯುತ್ತಾರೆ. ಹೀಗೆ ಬಾಗಿಲಲ್ಲೇ ತಡೆದುಬಿಟ್ಟರೆ, ಮಕ್ಕಳು 16 = 0 ಎಂಬುದನ್ನು ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಆ ಪಾಠದಲ್ಲಿ ನೋಡಲೇಬೇಕಾದದ್ದು ಅದೇ.

ಮೊದಲು ಈ ಮೂರು ಸಮೀಕರಣಗಳು ರೇಖಾತ್ಮಕ ಹೇಗಾದವು ಎಂಬುದನ್ನು ನೋಡೋಣ. ಇದು ಮಕ್ಕಳಿಗೆ ನಿಜವಾಗಿಯೂ ಗೊಂದಲ ಉಂಟುಮಾಡುವ ಜಾಗ. ವೃತ್ತದ ಸಮೀಕರಣದಲ್ಲಿ x², y² ಕಣ್ಣಿಗೆ ರಾಚುವಂತೆ ಕೂತಿರುತ್ತವೆ. "ವರ್ಗ ಇದ್ದರೆ ವರ್ಗ ಸಮೀಕರಣ ತಾನೇ?" ಎಂದು ಅವರು ಕೇಳುವುದು ಸಹಜ. ಇಲ್ಲಿ ಪಾತ್ರಗಳು ಅದಲುಬದಲಾಗಿವೆ. ಬಿಂದು ಕೊಟ್ಟ ತಕ್ಷಣ x, y ಎರಡೂ ಬರೀ ಸಂಖ್ಯೆಗಳಾಗುತ್ತವೆ. (3, 4) ಹಾಕಿದಾಗ x² + y² ಎಂಬುದು 25, ಅದರಲ್ಲಿ ಇನ್ನು ಯಾವ ರಹಸ್ಯವೂ ಇಲ್ಲ. ಅವ್ಯಕ್ತಗಳು D, E, F. ಅವು ಮೂರೂ ಒಂದನೆಯ ಘಾತದಲ್ಲಿವೆ. (x − h)² + (y − k)² = r² ರೂಪದಿಂದ ಹೊರಟರೆ h², k², r² ಎಲ್ಲವೂ ಬರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದಾಗ ಮಾತ್ರ ಅವು ಬಿದ್ದುಹೋಗುತ್ತವೆ. ಎರಡು ದಾರಿಗಳೂ ಸೇರುವುದು ಒಂದೇ ಕಡೆಗೆ, ಏಕೆಂದರೆ D ಎಂದರೆ −2h, E ಎಂದರೆ −2k. ನಮ್ಮಲ್ಲಿ 2g, 2f, c ಎಂದು ಬರೆಯುವ ರೂಢಿಯೂ ಇದೆ. ಅಕ್ಷರ ಬೇರೆ, ಮಾತು ಅದೇ.

ಹಾಗಾದರೆ ಕಳೆದಾಗ ಬಂದ 20 + 2D + 2E = 0 ಏನು ಹೇಳುತ್ತಿದೆ? D, E ಗಳ ಜಾಗದಲ್ಲಿ −2h, −2k ಹಾಕಿದರೆ ಅದು h + k = 5 ಆಗುತ್ತದೆ. (1, 2) ಮತ್ತು (3, 4) ಇವುಗಳ ಮಧ್ಯಬಿಂದು (2, 3). ಎರಡು ಮತ್ತು ಮೂರು ಸೇರಿ ಐದು. ಅಂದರೆ h + k = 5 ಎಂಬುದು ಆ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡದ ಲಂಬಾರ್ಧಕ. ಹೈಸ್ಕೂಲಿನಲ್ಲಿ ಕೈವಾರ ಹಿಡಿದು ತ್ರಿಭುಜದ ಪರಿವೃತ್ತ ಎಳೆಯುವಾಗ ಮೇಲೆ ಕೆಳಗೆ ಎರಡು ಕಂಸ ಹಾಕಿ ಸೇರಿಸುತ್ತಿದ್ದೆವಲ್ಲ, ಅದೇ ಗೆರೆ. ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆಯುವುದೂ ಲಂಬಾರ್ಧಕ ಎಳೆಯುವುದೂ ಒಂದೇ ಕೆಲಸ ಎಂಬುದು ನನಗೆ ಗೊತ್ತಾದದ್ದು ಆ ದಿನ ಸಂಜೆ ಹಾಸ್ಟೆಲಿನಲ್ಲಿ ಕೂತು ಈ 16ರ ಹಿಂದೆ ಬಿದ್ದಾಗ. ಬಿಎಸ್ಸಿ ಗಣಿತ ಓದುತ್ತಿದ್ದರೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇನ್ನೊಂದು ಜೋಡಿ, 36 + 2D + 2E = 0, ಹೇಳುವುದು h + k = 9. ಈಗ ಚಿತ್ರ ತಾನಾಗಿ ಕಾಣುತ್ತದೆ. ಕೇಂದ್ರದ ನಿರ್ದೇಶಾಂಕಗಳ ಮೊತ್ತ ಐದೂ ಆಗಬೇಕು, ಒಂಬತ್ತೂ ಆಗಬೇಕು. ಎರಡು ಲಂಬಾರ್ಧಕಗಳೂ ಒಂದೇ ರೇಖೆಗೆ ಲಂಬವಾಗಿರುವುದರಿಂದ ಅವು ಪರಸ್ಪರ ಸಮಾಂತರ, ಎಂದೂ ಸೇರುವುದಿಲ್ಲ. ಹತ್ತನೆಯ ತರಗತಿಯ ರೇಖಾತ್ಮಕ ಸಮೀಕರಣಗಳ ಜೋಡಿಯ ಪಾಠದಲ್ಲಿ ಸಮಾಂತರ ರೇಖೆಗಳು, ಪರಿಹಾರವಿಲ್ಲ ಎಂದು ಮಕ್ಕಳು ಬರೆದಿರುತ್ತಾರೆ. ಅದೇ ಮಾತು ಇಲ್ಲಿ ಒಂದು ಕೆಲಸಕ್ಕೆ ಬಂದಿದೆ.

ಆ ಹುಡುಗಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎರಡೂ ಅವ್ಯಕ್ತಗಳು ಹೋದಾಗ 0 = 0 ಉಳಿದರೆ ಅನಂತ ಪರಿಹಾರಗಳು, ಸೊನ್ನೆಯಲ್ಲದ ಸಂಖ್ಯೆ ಸೊನ್ನೆಗೆ ಸಮ ಎಂದು ಉಳಿದರೆ ಪರಿಹಾರವೇ ಇಲ್ಲ. ಆದರೆ ಇಷ್ಟಕ್ಕೆ ನಿಲ್ಲಿಸಬಾರದು ಅನಿಸುತ್ತದೆ. ಸರಳರೇಖಾಗತ ಬಿಂದುಗಳಿಗೆ ಎಂದಾದರೂ 0 = 0 ಬರಬಹುದೇ ಎಂದು ಕೇಳಬೇಕು. ನಮ್ಮ ಮೂರು ಬಿಂದುಗಳಲ್ಲಿ (3, 4) ಸರಿಯಾಗಿ ನಡುವೆ ಇದೆ. ಅಲ್ಲಿಂದ ಎರಡು ಬಲಕ್ಕೆ ಎರಡು ಮೇಲಕ್ಕೆ ಹೋದರೆ ಒಂದು ತುದಿ, ಎರಡು ಎಡಕ್ಕೆ ಎರಡು ಕೆಳಕ್ಕೆ ಬಂದರೆ ಇನ್ನೊಂದು ತುದಿ. ನಡುವಿನ ಬಿಂದು (a, b), ಹೆಜ್ಜೆ (p, q) ಎಂದಿಟ್ಟುಕೊಂಡು ಎರಡೂ ತುದಿಗಳ x² + y² ಬೆಲೆಗಳನ್ನು ಕೂಡಿ ನಡುವಿನದರ ಎರಡರಷ್ಟನ್ನು ಕಳೆಯಿರಿ. a, b ಇರುವ ಪದಗಳೆಲ್ಲ ಹೊಡೆದುಹೋಗಿ 2(p² + q²) ಮಾತ್ರ ಉಳಿಯುತ್ತದೆ. ನಮ್ಮಲ್ಲಿ p, q ಎರಡೂ 2, ಆದ್ದರಿಂದ 2 × 8 = 16. ಹಲಗೆಯ ಮೇಲೆ ಉಳಿದದ್ದು ಇದೇ ಹದಿನಾರು. ಅದು ಹೆಜ್ಜೆಯ ಉದ್ದದ ವರ್ಗದ ಎರಡರಷ್ಟು. ಬಿಂದುಗಳು ಬೇರೆಬೇರೆಯಾಗಿರುವವರೆಗೆ ಅದು ಸೊನ್ನೆಯಾಗಲಾರದು. ಹೆಜ್ಜೆಗಳು ಸಮವಲ್ಲದಿದ್ದರೂ ತಕ್ಕ ತೂಕ ಕೊಟ್ಟು ಕಳೆದಾಗ ಉಳಿಯುವುದು ನಡುವಿನ ಬಿಂದುವಿನಿಂದ ಎರಡು ತುದಿಗಳಿಗಿರುವ ದೂರಗಳ ಗುಣಲಬ್ಧ, ಅದೂ ಸೊನ್ನೆಯಲ್ಲ. 0 = 0 ಬರಬೇಕಾದರೆ ಒಂದೇ ಬಿಂದುವನ್ನು ಎರಡು ಸಲ ಬರೆದಿರಬೇಕು. ಆಗ ನಿಜಕ್ಕೂ ಇರುವುದು ಎರಡೇ ಬಿಂದು, ಎರಡು ಬಿಂದುಗಳ ಮೂಲಕ ಅನಂತ ವೃತ್ತಗಳು. ಒಂದು ಸರಳರೇಖೆ ವೃತ್ತವನ್ನು ಎರಡಕ್ಕಿಂತ ಹೆಚ್ಚು ಬಿಂದುಗಳಲ್ಲಿ ಕತ್ತರಿಸಲಾರದು ಎಂಬ ಹಳೆಯ ಪ್ರಮೇಯವನ್ನು ಹೀಗೆ ನಾವು ಬರೀ ಕಳೆಯುವ ಲೆಕ್ಕದಿಂದ ಮತ್ತೆ ಪಡೆದಂತಾಯಿತು.

ಮಾರ್ಗದರ್ಶಕ ಶಿಕ್ಷಕಿಯವರ ಅನುಮತಿ ಪಡೆದು ಇನ್ನೊಂದು ವಿಭಾಗದಲ್ಲಿ ಇದೇ ಪಾಠವನ್ನು ಬೇರೆ ರೀತಿ ಮಾಡಿದೆ. ಮೊದಲೆರಡು ಬಿಂದುಗಳನ್ನು ಹಾಗೇ ಇಟ್ಟು, ಮೂರನೆಯದನ್ನು (5, t) ಎಂದು ಬರೆದೆ. ಅದೇ ರೀತಿ ವರ್ಜಿಸಿದರೆ ಕೊನೆಗೆ ಒಂದೇ ಸಾಲು ಉಳಿಯುತ್ತದೆ:

(t − 6)E = 20 − t²

t = 2 ಹಾಕಿದರೆ E = −4, ನಮ್ಮ ಮೊದಲ ವೃತ್ತ. t = 6 ಹಾಕಿದರೆ ಎಡಗಡೆ ಸೊನ್ನೆ, ಬಲಗಡೆ −16. ಎಡಗಡೆಯ t − 6 ಎಲ್ಲಿಂದಲೋ ಬಂದದ್ದಲ್ಲ. ಚಿಹ್ನೆಯನ್ನು ಬಿಟ್ಟರೆ ಅದು ಈ ಮೂರು ಬಿಂದುಗಳ ತ್ರಿಭುಜದ ವಿಸ್ತೀರ್ಣ. ದ್ವಿತೀಯ ಪಿಯುಸಿಯಲ್ಲಿ ನಿರ್ಧಾರಕ ಸೊನ್ನೆ ಎಂದು ಕಲಿಯುವುದು ಇದರ ಇನ್ನೊಂದು ಹೆಸರು.

ಆಮೇಲೆ ಮಕ್ಕಳಿಗೆ t ಯನ್ನು ನಿಧಾನವಾಗಿ 6ರ ಹತ್ತಿರ ತರಲು ಹೇಳಿದೆ. t = 5 ಆದಾಗ ಕೇಂದ್ರ (7.5, −2.5), ತ್ರಿಜ್ಯ ಸುಮಾರು 7.9. t = 5.9 ಆದಾಗ ಕೇಂದ್ರ (79.05, −74.05), ತ್ರಿಜ್ಯ ಸುಮಾರು 109. ಒಂದು ಘಟಕಕ್ಕೆ ಒಂದು ಸೆಂ.ಮೀ. ಹಿಡಿದರೆ, ಈ ಕೇಂದ್ರ ನೋಟ್‌ಬುಕ್ಕಿನಿಂದ ಹೊರಗೆ ಬೆಂಚು ದಾಟಿ ಒಂದು ಮೀಟರಿಗೂ ಆಚೆ ಇರುತ್ತದೆ. ಆದರೆ ಹಾಳೆಯ ಮೇಲೆ ಆ ಮೂರು ಬಿಂದುಗಳ ನಡುವೆ ಬರುವ ವೃತ್ತದ ತುಣುಕು ಅಡ್ಡಪಟ್ಟಿ ಇಟ್ಟು ಎಳೆದ ಗೆರೆಗಿಂತ ಅರ್ಧ ಮಿ.ಮೀ. ಕೂಡ ಬಾಗಿರುವುದಿಲ್ಲ. t = 6.1 ಹಾಕಿದ ಗುಂಪು ಗಲಾಟೆ ಮಾಡಿತು. ಅವರ ಕೇಂದ್ರ (−81.05, 86.05), ತ್ರಿಜ್ಯ ಸುಮಾರು 117.5. ಕೇಂದ್ರ ರೇಖೆಯ ಆಚೆ ಬದಿಗೆ ನೆಗೆದುಬಿಟ್ಟಿದೆ! "ಮಿಸ್, ಅದು ಯಾವ ದಾರಿಯಿಂದ ಆ ಕಡೆ ಹೋಯ್ತು?" ಎಂದು ಒಬ್ಬಳು ಕೇಳಿದಳು. ಸರಳರೇಖಾಗತ ಬಿಂದುಗಳನ್ನು ಪಾಠದಿಂದ ಹೊರಗಿಟ್ಟಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಇದಕ್ಕೆ ಉತ್ತರಿಸಲು ನಮ್ಮ ಮೊದಲ ಸಾಲಿಗೇ ಹಿಂತಿರುಗಬೇಕು. x² + y² + Dx + Ey + F = 0 ಎಂದು ಬರೆದಾಗಲೇ ನಾವು ಒಂದು ನಿರ್ಧಾರ ಮಾಡಿಬಿಟ್ಟಿದ್ದೆವು: ವರ್ಗಗಳ ಸಹಗುಣಕ 1 ಎಂದು. ಅಂದರೆ ಉತ್ತರ ವೃತ್ತವೇ ಆಗಿರಬೇಕು ಎಂದು ಮೊದಲೇ ಷರತ್ತು ಹಾಕಿದ್ದೆವು. ಆ ಷರತ್ತನ್ನು ತೆಗೆದು A(x² + y²) + Dx + Ey + F = 0 ಎಂದು ಬರೆಯೋಣ. ಈಗ ಅದೇ ಹುಡುಗನ ಬಿಂದುಗಳನ್ನು ಹಾಕಿದರೆ ಕಳೆಯುವ ಲೆಕ್ಕದಲ್ಲಿ 20A + 2D + 2E = 0 ಮತ್ತು 36A + 2D + 2E = 0 ಬರುತ್ತವೆ. ಅವುಗಳ ವ್ಯತ್ಯಾಸ 16A = 0. ಅಸಂಬದ್ಧವಾಗಿದ್ದ ಸಾಲು ಈಗ ಮಾಹಿತಿಯಾಗಿದೆ: A ಸೊನ್ನೆ. ಹಾಗಾದರೆ D = −E, ಮೊದಲ ಸಮೀಕರಣದಿಂದ F = −E. E = 1 ಎಂದು ತೆಗೆದುಕೊಂಡರೆ −x + y − 1 = 0, ಅಂದರೆ y = x + 1. ಮೂರು ಬಿಂದುಗಳೂ ಕೂತಿರುವ ಆ ಸರಳರೇಖೆಯೇ ಉತ್ತರವಾಗಿ ಬಂದಿದೆ. ವೃತ್ತ ಕೊಡಲಾಗದ ಸಮೀಕರಣ ವ್ಯವಸ್ಥೆ, ಅದು ಸಾಧ್ಯವಿಲ್ಲದಿರಲು ಕಾರಣವಾದ ರೇಖೆಯನ್ನೇ ಕೈಗಿಟ್ಟಿತು.

ಕೇಂದ್ರದ ನೆಗೆತವೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ಎಲ್ಲವನ್ನೂ E ಯಿಂದ ಭಾಗಿಸಿ E = 1 ಎಂದು ಇಟ್ಟುಕೊಂಡರೆ, t = 5.9 ಆದಾಗ A ಸುಮಾರು 0.0068, t = 6 ಆದಾಗ 0, t = 6.1 ಆದಾಗ ಸುಮಾರು −0.0058. ಎಲ್ಲೂ ನೆಗೆತವಿಲ್ಲ. A ಸದ್ದಿಲ್ಲದೆ ಸೊನ್ನೆಯನ್ನು ದಾಟಿದೆ. ಕೇಂದ್ರವನ್ನು ಪಡೆಯಲು ಆ A ಯಿಂದ ಭಾಗಿಸುತ್ತೇವಲ್ಲ, ಆಗ ಮಾತ್ರ ಅದು ಒಂದು ಕಡೆ ದೂರ ದೂರ ಹೋಗಿ ಇನ್ನೊಂದು ಕಡೆಯಿಂದ ಬಂದಂತೆ ಕಾಣುತ್ತದೆ. ವೃತ್ತ ನೆಟ್ಟಗಾಗುತ್ತಾ ಬಂದು, ಒಂದು ಕ್ಷಣ ರೇಖೆಯಾಗಿ, ನಂತರ ಆಚೆ ಬದಿಗೆ ಬಾಗಿತು.

ಇದನ್ನೆಲ್ಲ ಒಂದೇ ಅವಧಿಯಲ್ಲಿ ಮಾಡಿ ಎಂದು ಹೇಳಲು ನನಗೆ ಧೈರ್ಯವಿಲ್ಲ. A ಸೇರಿಸಿದ ಭಾಗವನ್ನು ಅಂದು ಹಿಂಬಾಲಿಸಿದವರು ಐದಾರು ಮಂದಿ ಮಾತ್ರ. ಉಳಿದವರು ನಾಲ್ಕು ಅವ್ಯಕ್ತ, ಮೂರು ಸಮೀಕರಣ ಎಂಬಲ್ಲೇ ಸಿಕ್ಕಿಕೊಂಡರು. ಅದು ಅವರ ತಪ್ಪಲ್ಲ. ಮೂರು ಸಮೀಕರಣಗಳಿಂದ ನಮಗೆ ಸಿಗುವುದು ಸಹಗುಣಕಗಳ ಅನುಪಾತ ಮಾತ್ರ, ಸಮೀಕರಣವನ್ನು ಎರಡರಿಂದ ಗುಣಿಸಿದರೂ ವೃತ್ತ ಅದೇ, ಎಂಬುದನ್ನು ನಾನು ಮೊದಲೇ ಹೇಳಬೇಕಿತ್ತು. ಮುಂದಿನ ಸಲ ಅದನ್ನು ಎರಡನೆಯ ದಿನಕ್ಕೆ ಇಡುತ್ತೇನೆ. ಆದರೆ 16 = 0 ಮತ್ತು ಸಮಾಂತರ ಲಂಬಾರ್ಧಕಗಳು ಮೊದಲ ದಿನವೇ ಬರಬೇಕು. ಅದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ಸಹಪಾಠಿಯೊಬ್ಬರು ನನ್ನ ಟಿಪ್ಪಣಿ ನೋಡಿ, "ಪರೀಕ್ಷೆಯಲ್ಲಿ ಸರಳರೇಖಾಗತ ಬಿಂದುಗಳನ್ನು ಕೊಡುವುದೇ ಇಲ್ಲವಲ್ಲ, ನಿಧಾನವಾಗಿ ಕಲಿಯುವ ಮಕ್ಕಳನ್ನು ಯಾಕೆ ಗೊಂದಲಕ್ಕೆ ದೂಡಬೇಕು?" ಎಂದು ಕೇಳಿದರು. ಕೊಡುವುದಿಲ್ಲ ನಿಜ. ಆದರೆ ಬಿಂದುಗಳನ್ನು ಪುಸ್ತಕದಿಂದಲ್ಲದೆ ಅಳತೆಯಿಂದ ತೆಗೆದುಕೊಂಡರೆ ತೊಂದರೆ ಕೊಡುವುದು ಪೂರ್ತಿ ಸರಳರೇಖಾಗತವಾದ ಬಿಂದುಗಳಲ್ಲ, ಹೆಚ್ಚುಕಡಿಮೆ ಹಾಗಿರುವವು. ಇಳಿಜಾರು ನೋಡಿ ಸಮವಿಲ್ಲ ಎಂದು ಟಿಕ್ ಹಾಕುವ ಮೊದಲ ಹಂತ ಇವುಗಳನ್ನು ಹಿಡಿಯುವುದೇ ಇಲ್ಲ. ಇದನ್ನು ಒಂದು ಬಳೆಚೂರಿನಿಂದ ತೋರಿಸಬಹುದು. ಒಳತ್ರಿಜ್ಯ 30 ಮಿ.ಮೀ. ಇರುವ ಗಾಜಿನ ಬಳೆಯ ಚಿಕ್ಕ ಚೂರನ್ನು ಗ್ರಾಫ್ ಹಾಳೆಯ ಮೇಲಿಟ್ಟು ಒಳಅಂಚನ್ನು ಗುರುತು ಹಾಕಿ. ತುದಿಗಳ ನಡುವೆ 20 ಮಿ.ಮೀ. ಇದ್ದರೆ ನಡುವಿನ ಉಬ್ಬು ಸುಮಾರು 1.7 ಮಿ.ಮೀ. ಬಿಂದುಗಳು (−10, 0), (0, 1.7), (10, 0). ಬಿಡಿಸಿದರೆ ತ್ರಿಜ್ಯ ಸುಮಾರು 30.3 ಬರುತ್ತದೆ, ಚೆನ್ನಾಗಿಯೇ ಇದೆ. ಆದರೆ ಗಾಜಿನ ಅಂಚಿನಲ್ಲಿ ಪೆನ್ಸಿಲ್ ಅರ್ಧ ಮಿ.ಮೀ. ಅತ್ತಿತ್ತ ಆಗುವುದು ಮಾಮೂಲು. 1.2 ಎಂದು ಓದಿದವರಿಗೆ ತ್ರಿಜ್ಯ 42 ದಾಟುತ್ತದೆ, 2.2 ಎಂದು ಓದಿದವರಿಗೆ 24ರ ಹತ್ತಿರ ಬರುತ್ತದೆ. ಮೂವರ ಬಿಂದುಗಳೂ ಸರಳರೇಖಾಗತವಲ್ಲ, ಮೂವರ ಲೆಕ್ಕವೂ ಸರಿ, ಉತ್ತರ ಮಾತ್ರ ಒಂದು ಮಗುವಿನ ಬಳೆ, ಇನ್ನೊಂದು ದೊಡ್ಡವರ ಬಳೆ. ಅದೇ ಅರ್ಧ ಬಳೆ ಸಿಕ್ಕರೆ ತುದಿಗಳ ನಡುವೆ 60, ಉಬ್ಬು 30. ಅಲ್ಲಿ ಉಬ್ಬನ್ನು 30.5 ಎಂದು ತಪ್ಪಾಗಿ ಓದಿದರೂ ತ್ರಿಜ್ಯ 30.0 ಎಂದೇ ಬರುತ್ತದೆ.

(t − 6)E ಎಂಬ ಸಾಲನ್ನು ಕಂಡ ಮಕ್ಕಳಿಗೆ ಇದು ಅಚ್ಚರಿಯಲ್ಲ. ಚಿಕ್ಕ ಸಂಖ್ಯೆಯಿಂದ ಭಾಗಿಸುತ್ತಿದ್ದೇವೆ, ಆ ಚಿಕ್ಕ ಸಂಖ್ಯೆಯಲ್ಲೇ ಅಳತೆಯ ತಪ್ಪೂ ಕೂತಿದೆ ಎಂದು ಅವರಿಗೆ ಹೇಳಬಹುದು. ಸೂಚನೆಯನ್ನು ಮಾತ್ರ ಬರೆದುಕೊಂಡವರಿಗೆ ಹೀಗೆ ಹೇಳಲು ಆಧಾರವೇ ಇರುವುದಿಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ನಮ್ಮ ಮಾದರಿ ಪಾಠ ಯೋಜನೆಯಲ್ಲಿ "ಬಿಂದುಗಳು ಸರಳರೇಖಾಗತವಾಗಿರಬಾರದು" ಎಂಬ ಸಾಲನ್ನು ಪೀಠಿಕೆಯಿಂದ ತೆಗೆದು, ಎರಡನೆಯ ಉದಾಹರಣೆಯಾಗಿ (1, 2), (3, 4), (5, 6) ಹಾಕಬೇಕು. ಎದುರಿನ ಕಾಲಂನಲ್ಲಿ, ವಿದ್ಯಾರ್ಥಿಗಳಿಂದ ನಿರೀಕ್ಷಿಸುವ ಉತ್ತರದ ಜಾಗದಲ್ಲಿ, 16 = 0 ಎಂದೇ ಬರೆದಿರಬೇಕು. ಇಳಿಜಾರಿನ ಪರಿಶೀಲನೆ ಅದರ ನಂತರ, ಏನಾಯಿತೆಂದು ಮಕ್ಕಳೇ ಹುಡುಕುವಾಗ ಬರಲಿ. ವೀಕ್ಷಣೆಗೆ ಬರುವ ಉಪನ್ಯಾಸಕರು ಹಲಗೆಯ ಮೇಲೆ ಆ ಸಾಲು ಕಂಡಾಗ ಪೆನ್ನು ತೆಗೆಯುವ ಮುನ್ನ, ಅದನ್ನು ಒರೆಸುತ್ತಾರೋ ಇಲ್ಲ ಹಾಗೇ ಬಿಟ್ಟು ಮುಂದುವರಿಯುತ್ತಾರೋ ಎಂದು ಎರಡು ನಿಮಿಷ ಕಾದು ನೋಡಲಿ. ನಾನು ಒರೆಸಿದೆ. ಷರಾ ಬರೆಯಬೇಕಾಗಿದ್ದದ್ದು ಅದಕ್ಕೆ.